ತರಬೇತಿ ವರದಿಯಲ್ಲಿ ‘ವರ್ತನೆಯಲ್ಲಿ ಬದಲಾವಣೆ’ ಅನ್ನಬಹುದಾ?

ಮಮತಾ:
ಎಲ್ಲರಿಗೂ ನಮಸ್ಕಾರ. ನಮ್ಮ ಸಿಬ್ಬಂದಿಗೆ ಎರಡು ದಿನದ ತರಬೇತಿ ನಡೆಯಿತು. ಬಂದ ದೂರುಗಳಿಗೆ ಸರಿಯಾಗಿ ಉತ್ತರ ಬರೆಯುವುದು ಹೇಗೆ ಅನ್ನುವುದು ವಿಷಯ. ಅದರ ಮೌಲ್ಯಮಾಪನ ವರದಿಯನ್ನು ಕನ್ನಡದಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೂರು ತಲೆಬರಹ ಇಟ್ಟಿದ್ದೇನೆ: ‘ಪ್ರತಿಕ್ರಿಯೆ’, ‘ಕಲಿಕೆ’, ‘ವರ್ತನೆಯಲ್ಲಿ ಬದಲಾವಣೆ’. ಮೂರನೆಯದನ್ನು ಓದಿದ ನಮ್ಮ ಮೇಲಧಿಕಾರಿ “ಯಾಕ್ರೀ, ಇವರೇನು ಜಗಳ ಆಡ್ತಿದ್ರಾ?” ಅಂದರು. ತಮಾಷೆಗೇ ಅಂದಿದ್ದು, ಆದರೆ ಮಾತಿನಲ್ಲಿ ಹುರುಳಿದೆ ಅನ್ನಿಸಿತು. ಆ ಭಾಗದ ಮೊದಲ ವಾಕ್ಯ ಹೀಗಿದೆ: ‘ತರಬೇತಿಯಿಂದ ಸಿಬ್ಬಂದಿಯ ವರ್ತನೆಯಲ್ಲಿ ಗಣನೀಯ ಬದಲಾವಣೆ ಕಂಡುಬಂದಿದೆ.’ ಇಲ್ಲಿ ‘ವರ್ತನೆ’ಗೆ ಬದಲು ಏನು ಹಾಕಬಹುದು?

ಶ್ರೀಕಾಂತ:
ಶಿಕ್ಷಣಶಾಸ್ತ್ರದಲ್ಲಿ ಇದಕ್ಕೆ ‘ಕಲಿಕೆಯ ವರ್ಗಾವಣೆ’ ಎನ್ನುತ್ತಾರೆ. ಒಳ್ಳೆಯ ಪದ, ಅದನ್ನೇ ಬಳಸಿ. ಇನ್ನೊಂದು ಮಾತು. ಇವು ನಾಲ್ಕು ಹಂತಗಳು, ನೀವು ಮೂರನ್ನೇ ಬರೆದಿದ್ದೀರಿ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ಇವನ್ನು ಹೇಳಿದ್ದಾರೆ: ಪ್ರತಿಕ್ರಿಯೆ, ಕಲಿಕೆ, ವರ್ತನೆ, ಫಲಿತಾಂಶ. ಮೆಟ್ಟಿಲು ಇದ್ದ ಹಾಗೆ. ಕೆಳಗಿನದು ಗಟ್ಟಿ ಇದ್ದರೆ ಮೇಲಿನದು ತಾನಾಗಿ ಬರುತ್ತದೆ. ನಿಮ್ಮ ‘ಪ್ರತಿಕ್ರಿಯೆ’ಯ ಅಂಕ ಚೆನ್ನಾಗಿದ್ದರೆ ಉಳಿದದ್ದಕ್ಕೆ ಹೆಚ್ಚು ಚಿಂತೆ ಬೇಡ.

ನಾಗೇಶ:
ನಮ್ಮಲ್ಲೂ ಇಂಥ ತರಬೇತಿ ಆಗಿತ್ತು. ಎಲ್ಲರೂ ಐದಕ್ಕೆ ಐದು ಕೊಟ್ಟೆವು. ಊಟ ಚೆನ್ನಾಗಿತ್ತು, ಹೇಳಿಕೊಟ್ಟವರು ನಗಿಸುತ್ತಿದ್ದರು. ವಾಪಸ್ ಬಂದ ಮೇಲೆ ಹಳೇ ಕಂಪ್ಯೂಟರ್, ಹಳೇ ತಂತ್ರಾಂಶ. ಕಲಿತದ್ದನ್ನು ಹಾಕೋಕೆ ಜಾಗವೇ ಇರಲಿಲ್ಲ. ವರದಿಯಲ್ಲಿ ಮಾತ್ರ ‘ತರಬೇತಿ ಯಶಸ್ವಿ’ ಅಂತ ಬಂತು. ಮಮತಾ ಅವರೇ, ಹೇಳಿಕೊಟ್ಟವರಿಗೆ ಅಂಕ ಹಾಕುವ ವರದಿ ತಾನೇ ಇದು? ಹಾಗಾದರೆ ‘ಬೋಧನೆಯ ಗುಣಮಟ್ಟ’ ಅಂತ ಹಾಕಿದರೆ ಮುಗೀತಲ್ವಾ?

ಮಮತಾ:
ಅಲ್ಲ ನಾಗೇಶ್ ಅವರೇ, ಹೇಳಿಕೊಟ್ಟವರ ಬಗ್ಗೆ ಅಲ್ಲ. ಬಂದು ಕೂತವರು ಮೂರು ತಿಂಗಳಾದ ಮೇಲೆ ಏನು ಮಾಡುತ್ತಿದ್ದಾರೆ ಅನ್ನುವುದರ ಬಗ್ಗೆ. ಶ್ರೀಕಾಂತ್ ಸರ್, ‘ವರ್ಗಾವಣೆ’ ಅಂತ ತಲೆಬರಹ ಹಾಕಿದರೆ ನಮ್ಮವರು ಮೊದಲು ಹುಡುಕುವುದು ತಮ್ಮ ಹೆಸರನ್ನ! ಅದು ಬೇಡ ಸರ್. ನಾಲ್ಕನೆಯದನ್ನು ಬೇಕಂತಲೇ ಬಿಟ್ಟಿದ್ದೇನೆ. ದೂರುಗಳ ಸಂಖ್ಯೆ ಕಡಿಮೆಯಾಯಿತಾ ಅಂತ ನೋಡಲು ಇನ್ನೂ ಕಾಲ ಬೇಕು.

ಗಿರಿಜಾ:
ತರಬೇತಿ ವರದಿಗಳನ್ನು ಓದುವುದೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

‘ವರ್ತನೆ’ ಬಗ್ಗೆ ನಿಮ್ಮ ಮೇಲಧಿಕಾರಿ ಹೇಳಿದ್ದು ಸರಿ. ಕನ್ನಡದಲ್ಲಿ ಆ ಪದ ‘ಸದ್ವರ್ತನೆ’, ‘ದುರ್ವರ್ತನೆ’ಗಳ ಮನೆಯದು. ಮನಶ್ಶಾಸ್ತ್ರದ ಪುಸ್ತಕದಲ್ಲಿ ಅದಕ್ಕೆ ಒಳ್ಳೆಯದು ಕೆಟ್ಟದ್ದು ಅನ್ನುವ ಬಣ್ಣ ಇಲ್ಲ, ಕಚೇರಿಯ ಕಾಗದದಲ್ಲಿ ಇದೆ. ‘ನೌಕರನ ವರ್ತನೆ’ ಅಂದ ಕೂಡಲೇ ಶಿಸ್ತುಕ್ರಮ ನೆನಪಾಗುತ್ತದೆ. ಅದಕ್ಕೆ ಬದಲಾಗಿ ಒಂದೇ ಪದ ಹುಡುಕಬೇಡಿ. ನೀವು ನಿಜವಾಗಿ ಏನನ್ನು ನೋಡಿದಿರೋ ಅದನ್ನೇ ತಲೆಬರಹ ಮಾಡಿ. ‘ಉತ್ತರ ಬರೆಯುವ ರೀತಿಯಲ್ಲಿ ಬದಲಾವಣೆ’ ಅಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಎಲ್ಲ ತರಬೇತಿಗೂ ಹೊಂದುವ ಪದವೇ ಬೇಕಿದ್ದರೆ ‘ಕೆಲಸದಲ್ಲಿ ಬಳಕೆ’ ಸಾಕು.

ಶ್ರೀಕಾಂತ್ ಅವರು ಹೆಸರು, ವರ್ಷ ಸರಿಯಾಗಿ ಹೇಳಿದ್ದಾರೆ. ಆದರೆ ಒಂದರಿಂದ ಇನ್ನೊಂದು ತಾನಾಗಿ ಬರುತ್ತದೆ ಅನ್ನುವುದು ನಿಲ್ಲುವುದಿಲ್ಲ. ಅಲಿಗರ್ ಮತ್ತು ಜೊತೆಗಾರರು 1997ರಲ್ಲಿ ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ‘ನನಗೆ ಇಷ್ಟವಾಯಿತು’ ಅನ್ನುವ ಅಂಕಕ್ಕೂ ಕಲಿಕೆಗೂ ನಂಟು ತೀರಾ ತೆಳುವಾಗಿತ್ತು. ‘ನನ್ನ ಕೆಲಸಕ್ಕೆ ಉಪಯೋಗ ಆಗುತ್ತದೆ’ ಅನ್ನುವ ಅಂಕ ಸ್ವಲ್ಪ ವಾಸಿ, ಅದೂ ಸ್ವಲ್ಪವೇ. ನಾಗೇಶ್ ಅವರ ಕತೆ ಇದಕ್ಕೇ ಸೇರಿದ್ದು. ಅವರು ಕಲಿತಿದ್ದರು, ಬಳಸಲು ಅವಕಾಶ ಇರಲಿಲ್ಲ. ನಿಮ್ಮ ಹಾಳೆಯಲ್ಲಿ ಈ ಎರಡು ಪ್ರಶ್ನೆಗಳು ಬೇರೆ ಬೇರೆ ಇದ್ದರೆ ಸರಾಸರಿಯನ್ನೂ ಬೇರೆಯಾಗಿಯೇ ಕೊಡಿ. ಎರಡನ್ನೂ ಕಲಸಿ ಒಂದೇ ಅಂಕ ಬರೆಯಬೇಡಿ.

ನನ್ನನ್ನು ಕೇಳಿದರೆ ನಿಮ್ಮ ವಾಕ್ಯದಲ್ಲಿ ‘ವರ್ತನೆ’ಗಿಂತ ಭಾರದ ಪದ ‘ತರಬೇತಿಯಿಂದ’. ಆ ‘ಇಂದ’ ಕಾರಣವನ್ನು ಹೇಳಿಬಿಡುತ್ತದೆ. ‘ತರಬೇತಿಯ ನಂತರ’ ಅಂದರೆ ಕಾಲವನ್ನಷ್ಟೇ ಹೇಳಿದಂತೆ. ನೀವು ಯಾವುದನ್ನು ಹೇಳಬಹುದು ಅನ್ನುವುದು ಅಳೆದ ರೀತಿಯ ಮೇಲೆ ನಿಂತಿದೆ. ಹೇಗೆ ಅಳೆದಿರಿ, ಹೇಳುತ್ತೀರಾ? ಪರೀಕ್ಷೆಯ ಲೆಕ್ಕವೂ ಇರಲಿ.

ಮಮತಾ:
ಹೇಳುತ್ತೇನೆ ಮೇಡಂ. ಪರೀಕ್ಷೆ 20 ಅಂಕದ್ದು. ತರಬೇತಿಗೆ ಮೊದಲು 24 ಜನ ಬರೆದರು, ಸರಾಸರಿ 10. ಕೊನೆಯಲ್ಲಿ 19 ಜನ ಬರೆದರು, ಸರಾಸರಿ 14. ‘ಕಲಿಕೆಯಲ್ಲಿ ಶೇಕಡಾ 40 ಹೆಚ್ಚಳ’ ಅಂತ ಬರೆದಿದ್ದೇನೆ.

ಮೂರು ತಿಂಗಳ ನಂತರ ಎರಡು ಕೆಲಸ ಮಾಡಿದೆವು. ಒಂದು, ಅವರನ್ನೇ ಕೇಳಿದೆವು. ಬಹುತೇಕ ಎಲ್ಲರೂ ಕಲಿತದ್ದನ್ನು ಬಳಸುತ್ತಿದ್ದೇವೆ ಎಂದರು. ಇನ್ನೊಂದು, ತರಬೇತಿಗೆ ಮುಂಚಿನ 60 ಉತ್ತರಗಳನ್ನೂ ಆಮೇಲಿನ 60 ಉತ್ತರಗಳನ್ನೂ ತೆಗೆದು ನೋಡಿದೆವು. ಹೀಗೇಕೆ ತೀರ್ಮಾನಿಸಿದೆವು ಅನ್ನುವ ಕಾರಣ ಬರೆದಿದ್ದಾರಾ ಅಂತ ನೋಡುವುದು. ಮೊದಲು 18ರಲ್ಲಿ ಇತ್ತು, ಆಮೇಲೆ 33ರಲ್ಲಿ.

ನಾಗೇಶ:
18ರಿಂದ 33! ಇನ್ನೇನು ಬೇಕು? ‘ಇಂದ’ ಅಂತಲೇ ಬರೀರಿ, ಸುಮ್ನೆ ಅಷ್ಟು ತಲೆ ಕೆಡಿಸ್ಕೋಬೇಡಿ.

ಗಿರಿಜಾ:
ಸ್ವಲ್ಪ ತಡೀರಿ ನಾಗೇಶ್.

ಮೊದಲು ಪರೀಕ್ಷೆ. ಎರಡನೇ ಸಲ ಐದು ಜನ ಬರೆದಿಲ್ಲ. ಆ ಐವರು ಮೊದಲ ಪರೀಕ್ಷೆಯಲ್ಲಿ ಎಷ್ಟು ತೆಗೆದಿದ್ದರು? ಕಡಿಮೆ ಅಂಕದವರೇ ಹೊರಗೆ ಉಳಿದಿದ್ದರೆ ಯಾರೂ ಏನೂ ಕಲಿಯದೆಯೂ ಸರಾಸರಿ ಏರುತ್ತದೆ. ಎರಡೂ ಸಲ ಬರೆದ 19 ಜನರ ಅಂಕಗಳನ್ನು ಮಾತ್ರ ಹೋಲಿಸಿ.

ಆಮೇಲೆ ‘ಶೇಕಡಾ 40’. 10ರಿಂದ 14ಕ್ಕೆ ಏರಿದ್ದನ್ನು ಮೊದಲಿನ 10ಕ್ಕೆ ಹೋಲಿಸಿದರೆ 40 ಆಗುತ್ತದೆ. ಓದುವವರು ಹಾಗೆ ಓದುವುದಿಲ್ಲ. ನೂರಕ್ಕೆ 40 ಅಂಕ ಜಾಸ್ತಿ ಬಂತು ಅಂದುಕೊಳ್ಳುತ್ತಾರೆ. ಶೇಕಡಾ ಅನ್ನೇ ಬಿಟ್ಟು ‘20ಕ್ಕೆ ಇಷ್ಟಿದ್ದದ್ದು ಇಷ್ಟಾಯಿತು’ ಅನ್ನಿ.

ಇನ್ನು ‘ಬಳಸುತ್ತಿದ್ದೇವೆ ಎಂದರು’. ಆ ‘ಎಂದರು’ ವರದಿಯಲ್ಲಿ ಹಾಗೇ ಉಳಿಯಬೇಕು. ಎಷ್ಟೋ ವರದಿಗಳಲ್ಲಿ ಅದು ದಾರಿಯಲ್ಲಿ ಉದುರಿಹೋಗಿ ‘ಸಿಬ್ಬಂದಿ ಬಳಸುತ್ತಿದ್ದಾರೆ’ ಅಂತ ಆಗಿರುತ್ತದೆ. ಮಾತಿನಲ್ಲಾದರೆ ‘ಬಳಸ್ತಿದ್ದಾರಂತೆ’ ಅಂತೀವಿ, ಕೇಳಿದ್ದು ಯಾವುದು ಕಂಡದ್ದು ಯಾವುದು ಅಂತ ಗೊತ್ತಾಗುತ್ತದೆ. ಬರೆಯುವಾಗ ‘ಅಂತೆ’ಯನ್ನು ಬಿಡುತ್ತೇವೆ, ಅದರ ಜಾಗಕ್ಕೆ ಏನನ್ನೂ ಹಾಕುವುದಿಲ್ಲ. ನಿಮ್ಮ ಬಳಿ ಕಂಡದ್ದೇ ಇದೆ, 60 ಉತ್ತರಗಳು. ಅದನ್ನು ಮುಂದಿಡಿ.

ಕೊನೆಗೆ ‘ಇಂದ’. ಆ ಮೂರು ತಿಂಗಳಲ್ಲಿ ಕಚೇರಿಯಲ್ಲಿ ಬೇರೇನಾದರೂ ಬದಲಾಯಿತಾ? ತರಬೇತಿಗೆ ಹೋಗದವರ ಉತ್ತರಗಳನ್ನು ನೋಡಿದ್ದೀರಾ? ಎರಡೂ ಗುಂಪಿನ ಉತ್ತರಗಳನ್ನು ಹೆಸರು, ತಾರೀಖು ಮುಚ್ಚಿ ಒಬ್ಬರೇ ನೋಡಿದರೆ ಒಳ್ಳೆಯದು. ಇದು ತರಬೇತಿ ಆದವರದು ಅಂತ ಗೊತ್ತಿದ್ದರೆ ಕಣ್ಣಿಗೆ ಕಾರಣಗಳು ಜಾಸ್ತಿ ಕಾಣುತ್ತವೆ.

ಶ್ರೀಕಾಂತ:
ಗಿರಿಜಾ ಅವರೇ, ನಂಟು ತೆಳು ಎಂಬುದು ಗೊತ್ತಿರಲಿಲ್ಲ, ಒಪ್ಪುತ್ತೇನೆ. ಆದರೂ ‘ಹಂತ’ ಎನ್ನುವುದೇ ಸರಿ ಎಂದು ನನ್ನ ಅನಿಸಿಕೆ. ಕರ್ಕ್‌ಪ್ಯಾಟ್ರಿಕ್ ಅವರೂ ಮೊದಲು ಹೆಜ್ಜೆ ಎಂಬ ಅರ್ಥದ ಪದವನ್ನೇ ಬಳಸಿದ್ದರು.

ಗಿರಿಜಾ:
ಬಳಸಿದ್ದರು, ನಿಜ. ಆಮೇಲೆ ಬಳಕೆಗೆ ಬಂದದ್ದು ‘ಮಟ್ಟ’. ‘ಹಂತ’ ಅಂದರೆ ಒಂದು ಮುಗಿದ ಮೇಲೆ ಇನ್ನೊಂದು ಅಂತ ಕೇಳಿಸುತ್ತದೆ. ನಿಮಗೂ ಹಾಗೇ ಕೇಳಿಸಿದ್ದಕ್ಕೆ ಅಲ್ವಾ ‘ತಾನಾಗಿ ಬರುತ್ತದೆ’ ಅಂದಿದ್ದು? ಆದರೆ ‘ಮಟ್ಟ’ದಲ್ಲೂ ಮೇಲು ಕೀಳಿನ ಭಾವ ಇದೆ, ನನಗೂ ಅದು ಪೂರ್ತಿ ಒಪ್ಪಿಗೆ ಇಲ್ಲ.

ಮಮತಾ:
ಗಿರಿಜಾ ಮೇಡಂ, ಲೆಕ್ಕ ಮತ್ತೆ ಮಾಡಿದೆ. ಎರಡನೇ ಪರೀಕ್ಷೆ ಬರೆಯದ ಐದು ಜನರ ಅಂಕ ಸೇರಿಸಿದರೆ 31 ಮಾತ್ರ. ಒಟ್ಟು 240ರಲ್ಲಿ ಅದನ್ನು ಕಳೆದರೆ 209, ಅಂದರೆ ಉಳಿದ 19 ಜನರ ಮೊದಲಿನ ಸರಾಸರಿಯೇ 11. ಹಾಗಾಗಿ ನಾಲ್ಕಲ್ಲ, ಏರಿದ್ದು ಮೂರು ಅಂಕ.

ಬೇರೆ ಬದಲಾವಣೆ ಕೇಳಿದಿರಿ. ಇದೆ. ತರಬೇತಿ ಮುಗಿದ ಮುಂದಿನ ತಿಂಗಳು ಎಲ್ಲ ವಿಭಾಗಕ್ಕೂ ಉತ್ತರದ ಹೊಸ ನಮೂನೆ ಬಂತು. ಅದರಲ್ಲಿ ‘ತೀರ್ಮಾನಕ್ಕೆ ಕಾರಣ’ ಅಂತ ಒಂದು ಜಾಗವೇ ಇದೆ! ತರಬೇತಿಗೆ ಹೋಗದ ವಿಭಾಗದ ಉತ್ತರಗಳನ್ನೂ ಅಷ್ಟಷ್ಟೇ ತೆಗೆಸಿ, ಹೆಸರು ತಾರೀಖು ಮುಚ್ಚಿ, ನಮ್ಮವನ್ನೂ ಸೇರಿಸಿ ಒಬ್ಬರ ಕೈಲೇ ನೋಡಿಸಿದೆ. ನಮ್ಮ ಲೆಕ್ಕ ಬದಲಾಗಲಿಲ್ಲ. ಅಲ್ಲಿ 60ಕ್ಕೆ 17 ಇದ್ದದ್ದು 26 ಆಗಿದೆ. ನಮ್ಮಲ್ಲಿ 15 ಏರಿದೆ, ಅಲ್ಲಿ ಬರೀ ನಮೂನೆ ಸಿಕ್ಕವರಲ್ಲಿ 9.

ಗಿರಿಜಾ:
ನೋಡಿ, ಈಗ ನಿಮ್ಮ ಕೈಲಿ ಹೇಳಲು ಏನೋ ಇದೆ. 15 ಪೂರ್ತಿ ತರಬೇತಿಯದಲ್ಲ. ನಮೂನೆ ಬಂದಿದ್ದರೆ ಸಾಕು, ಸುಮಾರು 9 ಹೇಗೂ ಏರುತ್ತಿತ್ತು ಅಂದುಕೊಂಡರೆ ಉಳಿಯುವುದು 6. ಎರಡು ವಿಭಾಗಕ್ಕೆ ಬರುವ ದೂರುಗಳು ಒಂದೇ ತರಹದವು ಅಲ್ಲದಿದ್ದರೆ ಆ 6 ಕೂಡ ಗಟ್ಟಿಯಲ್ಲ. 60 ಉತ್ತರಗಳಲ್ಲಿ 6ರ ವ್ಯತ್ಯಾಸ ಸುಮ್ನೆ ಆಕಸ್ಮಿಕವಾಗಿಯೂ ಬರಬಹುದು. ಅದಕ್ಕೆ ‘ಗಣನೀಯ’ ತೆಗೆಯಿರಿ. ಅದು ಎಷ್ಟು ಅಂತ ಗೊತ್ತಿಲ್ಲದಾಗ ಬರೆಯುವ ಪದ. ನಿಮಗೆ ಎಷ್ಟು ಅಂತ ಗೊತ್ತಿದೆಯಲ್ಲ.

ನಾಗೇಶ:
ಅಷ್ಟೆಲ್ಲ ಬಿಡಿಸಿ ಬರೆದರೆ ಮುಂದಿನ ತರಬೇತಿಗೆ ದುಡ್ಡು ಕೊಡ್ತಾರಾ?

ಗಿರಿಜಾ:
ಅದು ಪದಚರ್ಚೆಯ ಪ್ರಶ್ನೆ ಅಲ್ಲ ನಾಗೇಶ್! ಆದರೆ ನಮೂನೆ ಒಂದರಿಂದಲೇ 9 ಬಂತು ಅನ್ನುವುದು ದುಡ್ಡು ಕೊಡುವವರಿಗೆ ಬೇಕಾದ ಸುದ್ದಿಯೇ. ನಮೂನೆಗೆ ಎರಡು ದಿನ ಕೂರಿಸಬೇಕಿಲ್ಲ.

ಮಮತಾ:
ಮೂರನೇ ಭಾಗವನ್ನು ಹೀಗೆ ತಿದ್ದಿದ್ದೇನೆ, ಭಾಷೆ ನೋಡಿ:

‘ಉತ್ತರ ಬರೆಯುವ ರೀತಿಯಲ್ಲಿ ಬದಲಾವಣೆ. ತರಬೇತಿಯ ನಂತರದ ಮೂರನೇ ತಿಂಗಳಲ್ಲಿ, ತರಬೇತಿ ಪಡೆದವರ 60 ಉತ್ತರಗಳ ಪೈಕಿ 33ರಲ್ಲಿ ತೀರ್ಮಾನದ ಕಾರಣ ಇತ್ತು. ಮೊದಲು 18ರಲ್ಲಿ ಇತ್ತು. ಇದೇ ಅವಧಿಯಲ್ಲಿ ಹೊಸ ನಮೂನೆ ಜಾರಿಗೆ ಬಂದಿದೆ. ತರಬೇತಿ ಪಡೆಯದ ವಿಭಾಗದಲ್ಲೂ ಈ ಸಂಖ್ಯೆ 17ರಿಂದ 26ಕ್ಕೆ ಏರಿದೆ. ಆದ್ದರಿಂದ ಹೆಚ್ಚಳದ ಒಂದು ಭಾಗಕ್ಕೆ ಮಾತ್ರ ತರಬೇತಿ ಕಾರಣವಾಗಿರಬಹುದು. ಕಲಿತದ್ದನ್ನು ಬಳಸುತ್ತಿರುವುದಾಗಿ ಬಹುತೇಕ ಸಿಬ್ಬಂದಿ ತಿಳಿಸಿದ್ದಾರೆ.’

‘ತಿಳಿಸಿದ್ದಾರೆ’ ನಿಮ್ಮ ‘ಅಂತೆ’ಯ ಕೆಲಸ ಮಾಡುತ್ತದೆ ಅಂದುಕೊಂಡಿದ್ದೇನೆ. ಮೊದಲ ತಲೆಬರಹ ‘ಪ್ರತಿಕ್ರಿಯೆ’ ಇರಲೋ ‘ಅನಿಸಿಕೆ’ ಮಾಡಲೋ ತಿಳಿಯುತ್ತಿಲ್ಲ.

ಶ್ರೀಕಾಂತ:
‘ಅನಿಸಿಕೆ’ ತೀರಾ ಸಡಿಲ. ‘ಪ್ರತಿಕ್ರಿಯೆ’ ಇರಲಿ.

ಗಿರಿಜಾ:
ನಾನು ‘ಅನಿಸಿಕೆ’ ಅನ್ನುತ್ತೇನೆ. ಆ ಹಾಳೆಯಲ್ಲಿ ಸಿಗುವುದು ಅಷ್ಟು ಸಡಿಲವಾದದ್ದೇ. ‘ತಿಳಿಸಿದ್ದಾರೆ’ ಚೆನ್ನಾಗಿದೆ. ‘ಬಹುತೇಕ’ ಜಾಗದಲ್ಲಿ ಎಷ್ಟು ಜನ ಅಂತ ಹಾಕಿಬಿಡಿ.