ಹಾಲು, ಅಕ್ಕಿಗೂ ಒಂದು ಪರ್ಸೆಂಟ್ ಟ್ಯಾಕ್ಸ್ ಕಟ್ಟಿಬಿಟ್ಟಿದ್ದೇನಾ?

ಪ್ರಶ್ನೆ (ಕಿರಾಣಿ ಅಂಗಡಿ, ತಿಪಟೂರು ತಾಲ್ಲೂಕು)

ನಮ್ಮದು ಕಿರಾಣಿ ಅಂಗಡಿ, ಜಿಎಸ್‌ಟಿ ಕಾಂಪೋಸಿಷನ್‌ನಲ್ಲಿದ್ದೇವೆ. ಮೂರು ತಿಂಗಳಿಗೊಮ್ಮೆ ಒಟ್ಟು ಮಾರಾಟದ ಶೇ 1 ಕಟ್ಟುತ್ತೇನೆ. ಈ ಸಲ 21,400 ಕಟ್ಟಿದೆ. ಹಾಲು, ಬಿಡಿ ಅಕ್ಕಿ, ತರಕಾರಿಗೆ ಜಿಎಸ್‌ಟಿನೇ ಇಲ್ಲ ಅಂತಾರಲ್ಲ, ಅದರ ಮೇಲೂ ಕಟ್ಟಬೇಕಾ? ಜಾಸ್ತಿ ಕಟ್ಟಿದ್ದರೆ ವಾಪಸ್ ಬರುತ್ತಾ?

ಹಾರ್ಡ್‌ವೇರ್ ಅಂಗಡಿ, ಚಿತ್ರದುರ್ಗ

ಅಣ್ಣ, ಕಾಂಪೋಸಿಷನ್ ಅಂದರೇನೇ ಒಟ್ಟು ವಹಿವಾಟಿನ ಮೇಲೆ ಒಂದು ಪರ್ಸೆಂಟ್. ಯಾವ ಸಾಮಾನಿಗೆ ಎಷ್ಟು ಅಂತ ತಲೆ ಕೆಡಿಸಿಕೊಳ್ಳಬಾರದು ಅಂತಲೇ ಆ ಸ್ಕೀಮ್ ಮಾಡಿರೋದು. ನಾನು 2017ರಿಂದ ಹೀಗೇ ಕಟ್ಟುತ್ತಿದ್ದೇನೆ.

ತೆರಿಗೆ ಸಲಹೆಗಾರ್ತಿ, ತುಮಕೂರು

ಮೇಲಿನವರು ಹೇಳಿದ್ದು 2017ರಲ್ಲಿ ಸರಿ ಇತ್ತು. 2018ರ ಜನವರಿ 1ರಿಂದ ನಿಯಮ ಬದಲಾಯಿತು. ಕೊಂಡು ಮಾರುವ ವ್ಯಾಪಾರಿಗೆ ಈಗ ಶೇ 1 ಲೆಕ್ಕ ಹಾಕುವುದು ತೆರಿಗೆ ಇರುವ ಸರಕಿನ ಮಾರಾಟದ ಮೇಲೆ ಮಾತ್ರ. ಹಾರ್ಡ್‌ವೇರ್ ಅಂಗಡಿಯಲ್ಲಿ ಹೆಚ್ಚುಕಡಿಮೆ ಎಲ್ಲಕ್ಕೂ ತೆರಿಗೆ ಇರುವುದರಿಂದ ಅವರಿಗೆ ವ್ಯತ್ಯಾಸ ಗೊತ್ತಾಗಿರಲಿಕ್ಕಿಲ್ಲ. ಕಿರಾಣಿ ಅಂಗಡಿಗೆ ಇದು ದೊಡ್ಡ ವ್ಯತ್ಯಾಸ.

ತಪ್ಪು ಎಲ್ಲಿ ಆಗುತ್ತದೆ ಅಂತ ನನಗೆ ಗೊತ್ತು. ಮೂರು ತಿಂಗಳಿಗೊಮ್ಮೆ ತುಂಬುವ CMP-08ರಲ್ಲಿ ಮೊದಲ ಸಾಲು ವಿನಾಯಿತಿ ಸರಕೂ ಸೇರಿದ ಒಟ್ಟು ಮಾರಾಟವನ್ನೇ ಕೇಳುತ್ತದೆ. ಅಲ್ಲಿ ಒಟ್ಟು ಮೊತ್ತ ಬರೆಯುವುದು ಸರಿ. ಆದರೆ ಅದರ ಪಕ್ಕದ ತೆರಿಗೆಯ ಮನೆಯಲ್ಲಿ ಅದೇ ಮೊತ್ತದ ಶೇ 1 ಹಾಕಿಬಿಡುತ್ತಾರೆ. ತೆರಿಗೆ ಮಾತ್ರ ವಿನಾಯಿತಿ ಕಳೆದು ಹಾಕಬೇಕು.

ವಾಪಸ್ ಬರುತ್ತಾ ಅನ್ನೋದು ಆಮೇಲೆ. ಮೊದಲು ಒಂದೇ ಒಂದು ಕ್ವಾರ್ಟರ್, ಜುಲೈನಿಂದ ಸೆಪ್ಟೆಂಬರ್ 2025, ಕೂತು ಲೆಕ್ಕ ಹಾಕಿ. ಅಂದಾಜು ಬೇಡ. ಖರೀದಿ ಬಿಲ್ಲುಗಳನ್ನು ತೆಗೆದು ಶುರುವಿನ ಸ್ಟಾಕ್‌ಗೆ ಖರೀದಿ ಸೇರಿಸಿ, ಕೊನೆಯ ಸ್ಟಾಕ್ ಕಳೆಯಿರಿ. ಉಳಿದದ್ದು ಮಾರಾಟವಾದ ಸರಕು. ಅದನ್ನು ನಿಮ್ಮ ಮಾರುವ ದರಕ್ಕೆ ಗುಣಿಸಿ. ಒಂದು ಎಚ್ಚರ: ಪ್ಯಾಕೆಟ್ ಹಾಲಿಗೆ ತೆರಿಗೆ ಇಲ್ಲ, ಪ್ಯಾಕೆಟ್ ಮೊಸರಿಗೆ 2022ರ ಜುಲೈ 18ರಿಂದ ಇದೆ. ಎರಡೂ ಒಂದೇ ಗಾಡಿಯಲ್ಲಿ ಬರುತ್ತವೆ ಅಂತ ಒಂದೇ ಸಾಲಿಗೆ ಸೇರಿಸಬೇಡಿ.

ಬೇಕರಿ, ದಾವಣಗೆರೆ

ಮೇಡಂ, ಈ ಜುಲೈನಲ್ಲಿ ಯುಪಿಐ ನೋಡಿ ನೋಟಿಸ್ ಕಳಿಸಿದರಲ್ಲ, ಆಗ ಹೆದರಿ ನಾನೂ ರಿಜಿಸ್ಟರ್ ಮಾಡಿಸಿ ಕಾಂಪೋಸಿಷನ್ ತಗೊಂಡೆ. ನಮ್ಮಲ್ಲಿ ಅರ್ಧ ಮಾರಾಟ ಬ್ರೆಡ್ಡೇ. ಬ್ರೆಡ್ಡಿಗೆ ಜಿಎಸ್‌ಟಿ ಇಲ್ಲ. ಹಾಗಾದರೆ ನನಗೂ ಅರ್ಧ ದುಡ್ಡು ವಾಪಸ್ ಬರಬೇಕಲ್ವಾ?

ತೆರಿಗೆ ಸಲಹೆಗಾರ್ತಿ, ತುಮಕೂರು

ಬ್ರೆಡ್ ನೀವೇ ಸುಡುತ್ತೀರಾ, ತರಿಸಿ ಮಾರುತ್ತೀರಾ? ನೀವೇ ಮಾಡಿದರೆ ಕಾನೂನಿನಲ್ಲಿ ನೀವು ತಯಾರಕರು. ತಯಾರಕರಿಗೆ ಆ 2018ರ ಬದಲಾವಣೆ ಅನ್ವಯಿಸುವುದಿಲ್ಲ, ಒಟ್ಟು ವಹಿವಾಟಿನ ಮೇಲೇ ಶೇ 1. ಅದೇ ಬ್ರೆಡ್ ತಿಪಟೂರಿನ ಅಣ್ಣನ ಅಂಗಡಿಯಲ್ಲಿ ಮಾರಿದರೆ ಅವರಿಗೆ ತೆರಿಗೆ ಇಲ್ಲ. ಕೇಳಲು ಕಷ್ಟ ಆಗುತ್ತೆ, ಆದರೆ ಇರುವುದೇ ಹಾಗೆ.

ಬೇಕರಿ, ದಾವಣಗೆರೆ

ನಾವೇ ಮಾಡೋದು. ಇದು ನ್ಯಾಯ ಅಂತ ನನಗೆ ಅನ್ನಿಸಲ್ಲ.

ಕಿರಾಣಿ ಅಂಗಡಿ, ತಿಪಟೂರು ತಾಲ್ಲೂಕು (ನಾಲ್ಕು ದಿನದ ನಂತರ)

ಮೇಡಂ, ಮೂರು ರಾತ್ರಿ ಬಾಗಿಲು ಹಾಕಿದ ಮೇಲೆ ನಾನು, ನನ್ನ ಮಗಳು ಕೂತು ಮಾಡಿದೆವು. ಬಿಲ್ಲು ಎಲ್ಲಾ ತಂತಿಗೆ ಚುಚ್ಚಿಟ್ಟಿದ್ದೆ, ಅವಳು ಒಂದೊಂದೇ ಬಿಚ್ಚಿ ಓದಿದಳು, ನಾನು ಬರೆದೆ.

ಹಾಲು ಸುಲಭ, ದಿನದ ಪುಸ್ತಕ ಇದೆ. 92 ದಿನ, ದಿನಕ್ಕೆ ಸರಾಸರಿ 3,600 ರೂಪಾಯಿ. ಒಟ್ಟು 3,31,200. ಮೊಸರು ತೆಗೆದು ಹಾಕಿದ್ದೇನೆ. ತರಕಾರಿ, ತೆಂಗಿನಕಾಯಿ, ಮೊಟ್ಟೆ, ಉಪ್ಪು, ಬ್ರೆಡ್ ಸೇರಿ 1,41,700. ಬಿಡಿ ಬೇಳೆ, ಬೆಲ್ಲ, ರಾಗಿ, ಅವಲಕ್ಕಿ 1,86,000.

ಅಕ್ಕಿಯಲ್ಲಿ ಸಿಕ್ಕಿಹಾಕಿಕೊಂಡೆ. ಜುಲೈ 1ಕ್ಕೆ 18 ಮೂಟೆ ಇತ್ತು, 210 ಬಂತು, ಸೆಪ್ಟೆಂಬರ್ ಕೊನೆಗೆ 28 ಉಳಿಯಿತು. ಅಂದರೆ 200 ಮೂಟೆ ಹೋಗಿದೆ. ಅದರಲ್ಲಿ 150 ಮೂಟೆ 26 ಕೆಜಿಯದ್ದು. 50 ಮೂಟೆ ಬ್ರ್ಯಾಂಡಿನ 25 ಕೆಜಿ ಚೀಲ, ಅದಕ್ಕೆ ಬಿಲ್ಲಿನಲ್ಲಿ ಶೇ 5 ಹಾಕಿದ್ದಾರೆ. ಆ 50ರಲ್ಲಿ 30 ನಾವು ಬಿಚ್ಚಿ ಕೆಜಿ ಲೆಕ್ಕದಲ್ಲಿ ತೂಗಿ ಮಾರಿದ್ದು, 20 ಹೊಲಿಗೆ ಬಿಚ್ಚದೆ ಹಾಗೇ ಕೊಟ್ಟಿದ್ದು. ಇವನ್ನ ಯಾವ ಕಡೆ ಹಾಕಲಿ?

ಹಾರ್ಡ್‌ವೇರ್ ಅಂಗಡಿ, ಚಿತ್ರದುರ್ಗ

ಖರೀದಿಯಲ್ಲಿ ಶೇ 5 ಕೊಟ್ಟಿದ್ದರೆ ಮಾರಾಟದಲ್ಲೂ ತೆರಿಗೆ ಸರಕೇ ಆಗಬೇಕು. 50 ಮೂಟೇನೂ ತೆರಿಗೆ ಕಡೆಗೇ.

ತೆರಿಗೆ ಸಲಹೆಗಾರ್ತಿ, ತುಮಕೂರು

ಇಲ್ಲ. ನೀವು ಹೇಗೆ ಕೊಂಡಿರಿ ಅನ್ನುವುದಲ್ಲ, ಹೇಗೆ ಮಾರಿದಿರಿ ಅನ್ನುವುದು ಲೆಕ್ಕ. 2022ರ ಜುಲೈ 18ರಿಂದ 25 ಕೆಜಿ ಮತ್ತು ಅದಕ್ಕಿಂತ ಕಡಿಮೆ ತೂಕದ, ಮೊದಲೇ ಕಟ್ಟಿ ಲೇಬಲ್ ಹಾಕಬೇಕಾದ ಚೀಲಕ್ಕೆ ತೆರಿಗೆ. ಅದಕ್ಕೇ ತಾನೇ ಮಾರುಕಟ್ಟೆಗೆ 26 ಕೆಜಿ ಮೂಟೆ ಬಂದದ್ದು. ಆಗ ಕೇಂದ್ರ ಹಣಕಾಸು ಇಲಾಖೆ ಕೊಟ್ಟ ವಿವರಣೆಯಲ್ಲೇ ಇದೆ: 25 ಕೆಜಿ ಚೀಲ ಕೊಂಡ ಅಂಗಡಿಯವನು ಅದನ್ನು ಬಿಚ್ಚಿ ಬಿಡಿಯಾಗಿ ತೂಗಿ ಮಾರಿದರೆ ಆ ಮಾರಾಟಕ್ಕೆ ತೆರಿಗೆ ಇಲ್ಲ.

ಹಾಗಾಗಿ 26 ಕೆಜಿಯ 150 ಮೂಟೆ ಅಂದರೆ 3,900 ಕೆಜಿ ವಿನಾಯಿತಿ. ಬಿಚ್ಚಿ ಮಾರಿದ 30 ಚೀಲ, 750 ಕೆಜಿ, ಅದೂ ವಿನಾಯಿತಿ. ಹೊಲಿಗೆ ಬಿಚ್ಚದ 20 ಚೀಲ ತೆರಿಗೆಗೆ. ನಿಮ್ಮ ಸರಾಸರಿ ದರ ಎಷ್ಟು?

ಕಿರಾಣಿ ಅಂಗಡಿ, ತಿಪಟೂರು ತಾಲ್ಲೂಕು

ಕೆಜಿಗೆ 54. ಹಾಗಾದರೆ 4,650 ಕೆಜಿಗೆ 2,51,100. ಎಲ್ಲಾ ಕೂಡಿದರೆ ವಿನಾಯಿತಿ ಮಾಲು ಸರಿಯಾಗಿ 9,10,000. ಒಟ್ಟು 21,40,000ದಲ್ಲಿ ಕಳೆದರೆ 12,30,000. ತೆರಿಗೆ 12,300 ಆಗಬೇಕಿತ್ತು, ನಾನು ಕಟ್ಟಿದ್ದು 21,400. ಮಗಳು ಎರಡು ಸಲ ಕೂಡಿಸಿದಳು, ಅಷ್ಟೇ ಬಂತು. 9,100 ಜಾಸ್ತಿ! ಒಂದೇ ಕ್ವಾರ್ಟರ್‌ನಲ್ಲಿ.

ತೆರಿಗೆ ಸಲಹೆಗಾರ್ತಿ, ತುಮಕೂರು

ಚೆನ್ನಾಗಿ ಮಾಡಿದ್ದೀರಿ, ಮಗಳಿಗೂ ಹೇಳಿ. ಆದರೆ ಬೇಳೆಯ 1,86,000ದ ಬಗ್ಗೆ ಒಂದು ಪ್ರಶ್ನೆ. ಗಿರಾಕಿ ಎದುರಿಗೆ ನಿಂತಾಗ ತೂಗಿ ಕೊಡುತ್ತೀರಾ, ಇಲ್ಲಾ ಮೊದಲೇ ಕವರ್‌ನಲ್ಲಿ ಕಟ್ಟಿ ಇಡುತ್ತೀರಾ?

ಕಿರಾಣಿ ಅಂಗಡಿ, ತಿಪಟೂರು ತಾಲ್ಲೂಕು

ಎರಡೂ ಇದೆ. ಭಾನುವಾರ ಮಧ್ಯಾಹ್ನ ಮನೆಯವರು ತೊಗರಿಬೇಳೆ, ಕಡಲೆಬೇಳೆ ಅರ್ಧ ಕೆಜಿ, ಒಂದು ಕೆಜಿ ಕವರ್ ಕಟ್ಟಿಡುತ್ತಾರೆ. ಮೇಣದಬತ್ತಿಯಲ್ಲಿ ಬಾಯಿ ಸುಟ್ಟು ಅಂಟಿಸುವುದು, ಅಷ್ಟೇ. ಹೆಸರಿಲ್ಲ, ಲೇಬಲ್ ಇಲ್ಲ. ಅದು ಸುಮಾರು 62,000 ಆಗಬಹುದು.

ತೆರಿಗೆ ಸಲಹೆಗಾರ್ತಿ, ತುಮಕೂರು

ಆ 62,000 ಬಿಟ್ಟುಬಿಡಿ ಅಂತ ನನ್ನ ಸಲಹೆ. ಲೇಬಲ್ ಅಂಟಿಸಿಲ್ಲ ಅನ್ನುವುದು ಸಾಲದು. ಗಿರಾಕಿ ಇಲ್ಲದಾಗ ಇಷ್ಟೇ ತೂಕ ಅಂತ ಕಟ್ಟಿದ ಪೊಟ್ಟಣಕ್ಕೆ ತೂಕ ಮತ್ತು ಅಳತೆ ಕಾನೂನಿನ ಪ್ರಕಾರ ವಿವರ ಇರಬೇಕು. ವಿವರ ಇರಬೇಕಾದ ಪೊಟ್ಟಣ ಅಂದಮೇಲೆ ತೆರಿಗೆಯೂ ಇದೆ ಅಂತ ಅಧಿಕಾರಿ ಹೇಳಿದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. 620 ರೂಪಾಯಿಗಾಗಿ ಇಡೀ ಅರ್ಜಿ ಅನುಮಾನಕ್ಕೆ ಬೀಳುವುದು ಬೇಡ. ವಿನಾಯಿತಿ 8,48,000, ತೆರಿಗೆ 12,920, ಹೆಚ್ಚುವರಿ 8,480. ಕೇಂದ್ರದ್ದು 4,240, ರಾಜ್ಯದ್ದು 4,240. ಈ ಎರಡರಲ್ಲಿ ಒಂದೊಂದರಲ್ಲೂ ಸಾವಿರಕ್ಕಿಂತ ಕಡಿಮೆ ಇದ್ದರೆ ರಿಫಂಡ್ ಕೊಡುವುದಿಲ್ಲ, ನಿಮ್ಮದು ದಾಟಿದೆ.

ಲೆಕ್ಕಪತ್ರ ಬರೆಯುವವರು, ಹಾಸನ

ಮೇಡಂ, ರಿಫಂಡ್‌ಗೆ ಯಾಕೆ ಓಡಾಡಬೇಕು? ವರ್ಷದ ಕೊನೆಗೆ GSTR-4ರಲ್ಲಿ ಸರಿಯಾದ ಮೊತ್ತ ಹಾಕಿದರೆ ಹೆಚ್ಚು ಕಟ್ಟಿದ್ದು ನೆಗೆಟಿವ್ ಲಯಬಿಲಿಟಿಗೆ ಹೋಗುತ್ತದೆ, ಮುಂದಿನ ತೆರಿಗೆಯಲ್ಲಿ ಕಳೆಯುತ್ತದೆ. ನಾನು ಇಬ್ಬರಿಗೆ ಹಾಗೇ ಮಾಡಿದ್ದೇನೆ.

ತೆರಿಗೆ ಸಲಹೆಗಾರ್ತಿ, ತುಮಕೂರು

ಈ ವರ್ಷದ ಎರಡು ಕಂತಿಗೆ ನಿಮ್ಮ ದಾರಿ ನಾನೂ ಒಪ್ಪುತ್ತೇನೆ, ವಾರ್ಷಿಕ ರಿಟರ್ನ್ ಇನ್ನೂ ಹಾಕಿಲ್ಲವಲ್ಲ. ಹಿಂದಿನ ವರ್ಷಗಳಿಗೆ ಆಗುವುದಿಲ್ಲ. ಆ GSTR-4 ಹೋಗಿಯಾಗಿದೆ, ಅದನ್ನು ತಿದ್ದಲು ಬರುವುದಿಲ್ಲ. ಅವಕ್ಕೆ RFD-01ರಲ್ಲಿ ಹೆಚ್ಚುವರಿ ತೆರಿಗೆ ಪಾವತಿ ಅನ್ನುವ ಕಾರಣ ಆರಿಸಿ ಅರ್ಜಿ ಹಾಕಬೇಕು.

ಅಣ್ಣ, ಇಲ್ಲಿ ಗಡಿಯಾರ ಓಡುತ್ತಿದೆ. ತೆರಿಗೆ ಕಟ್ಟಿದ ದಿನದಿಂದ ಎರಡು ವರ್ಷದೊಳಗೆ ಅರ್ಜಿ ಬೀಳಬೇಕು. ಈಗ ನವೆಂಬರ್ 2025. ಅಕ್ಟೋಬರ್–ಡಿಸೆಂಬರ್ 2023ರ ಕಂತನ್ನು ನೀವು ಜನವರಿ 2024ರಲ್ಲಿ ಕಟ್ಟಿದ್ದೀರಿ, ಅದರ ಗಡುವು ಬರುವ ಜನವರಿಗೆ ಮುಗಿಯುತ್ತದೆ. ಅದನ್ನೇ ಮೊದಲು ಹಾಕಿ. ಅದಕ್ಕೂ ಹಿಂದಿನದು ಕೈತಪ್ಪಿದ ಹಾಗೆ. ತಪ್ಪಿ ಕಟ್ಟಿದ ತೆರಿಗೆಗೆ ಈ ಗಡುವು ಅನ್ವಯಿಸಲ್ಲ ಅಂದ ಹೈಕೋರ್ಟ್ ತೀರ್ಪುಗಳಿವೆ, ಆದರೆ ಈ ಮೊತ್ತಕ್ಕೆ ಕೋರ್ಟ್ ಹತ್ತಿ ಅಂತ ನಾನು ಹೇಳಲಾರೆ.

ಒಂದು ವಿಷಯ ನಿಮ್ಮ ಪರವಾಗಿದೆ. ಕಾಂಪೋಸಿಷನ್ ವ್ಯಾಪಾರಿ ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ನಿಮ್ಮ ಬಿಲ್ಲಿನ ಮೇಲೇ ಅದು ಅಚ್ಚಾಗಿರುತ್ತದೆ. ಕಟ್ಟಿದ್ದು ನಿಮ್ಮ ಜೇಬಿನಿಂದ ಅಂತ ತೋರಿಸಲು ಆ ಬಿಲ್ಲಿನ ಪ್ರತಿ ಲಗತ್ತಿಸಿ. ತೊಡಕೂ ಒಂದಿದೆ. ಹಳೆಯ ರಿಟರ್ನ್‌ನಲ್ಲಿ ನೀವೇ ಎಲ್ಲವನ್ನೂ ತೆರಿಗೆ ಮಾರಾಟ ಅಂತ ತೋರಿಸಿದ್ದೀರಿ. ಅಧಿಕಾರಿ ಅದನ್ನೇ ಹಿಡಿದು ಕೇಳುತ್ತಾರೆ. ಅದಕ್ಕೇ ಅಕ್ಕಿ ಮೂಟೆಯ ಲೆಕ್ಕದ ಹಾಗೆ ಪ್ರತಿ ಕ್ವಾರ್ಟರಿಗೂ ಒಂದು ಹಾಳೆ ಬೇಕು, ಜೊತೆಗೆ ಖರೀದಿ ಬಿಲ್ಲು. ಕಾಗದ ಸಾಲದಿದ್ದರೆ 15 ದಿನದೊಳಗೆ RFD-03 ಅನ್ನುವ ಕೊರತೆ ಪತ್ರ ಬರುತ್ತದೆ, ಆಗ ಹೊಸದಾಗಿ ಅರ್ಜಿ ಹಾಕಬೇಕು. ಹೆದರಬೇಡಿ.

ಕಿರಾಣಿ ಅಂಗಡಿ, ತಿಪಟೂರು ತಾಲ್ಲೂಕು (ಎರಡು ವಾರದ ನಂತರ)

ಎಂಟೂ ಕಂತು ಮುಗಿಸಿದೆವು. ಕವರ್ ಬೇಳೆ ಬಿಟ್ಟು ಒಟ್ಟು 61,260 ಜಾಸ್ತಿ ಹೋಗಿದೆ. ನಮ್ಮ ಅಂಗಡಿಯ ಎರಡು ವರ್ಷದ ಕರೆಂಟ್ ಬಿಲ್ಲಿಗಿಂತ ಜಾಸ್ತಿ, ಮೇಡಂ. 2023ರ ಕೊನೆಯ ಕಂತಿನ ಅರ್ಜಿ ನಿನ್ನೆ ಹಾಕಿದೆ, ಒಂದು ತೊಂದರೆ ಬಿಟ್ಟು ಎಲ್ಲಾ ಆಯಿತು. ಆ ಕ್ವಾರ್ಟರಿನ ತರಕಾರಿಗೆ ಬಿಲ್ಲೇ ಇಲ್ಲ. ಸಂತೆಯಲ್ಲಿ ರೈತರ ಹತ್ತಿರ ನೇರ ಕೊಂಡಿದ್ದು, ನನ್ನ ಕೈಬರಹದ ಚೀಟಿ ಮಾತ್ರ ಇದೆ. ಅದನ್ನೇ ಲಗತ್ತಿಸಿದ್ದೇನೆ. ಒಪ್ಪುತ್ತಾರಾ?

ತೆರಿಗೆ ಸಲಹೆಗಾರ್ತಿ, ತುಮಕೂರು

ಅಧಿಕಾರಿ ಮೇಲೆ ಹೋಗುತ್ತದೆ. ಚೀಟಿಯಲ್ಲಿ ತಾರೀಖು, ತೂಕ, ದರ ಮೂರೂ ಇದ್ದರೆ, ದಿನದ ಪುಸ್ತಕದಲ್ಲಿ ಅದೇ ದಿನ ಅಷ್ಟೇ ದುಡ್ಡು ಹೋಗಿದ್ದು ಕಂಡರೆ, ನಾನಾಗಿದ್ದರೆ ವಾದ ಮಾಡುತ್ತಿದ್ದೆ. ಅದು ಹಾಲು, ಅಕ್ಕಿಯಷ್ಟು ಗಟ್ಟಿ ಅಲ್ಲ. ಪುಸ್ತಕದ ಆ ಪುಟಗಳ ಫೋಟೊ ತೆಗೆದಿಡಿ, ಕೇಳಿದ ದಿನವೇ ಕೊಡುವ ಹಾಗಿರಲಿ.

ಹಾರ್ಡ್‌ವೇರ್ ಅಂಗಡಿ, ಚಿತ್ರದುರ್ಗ

ಮೇಡಂ, ನಮ್ಮಲ್ಲಿ ಕುಡುಗೋಲು, ಗುದ್ದಲಿ, ಸಲಿಕೆ ಮಾರುತ್ತೇವೆ. ಕೈಯಲ್ಲಿ ಬಳಸುವ ಕೃಷಿ ಸಲಕರಣೆಗೆ ತೆರಿಗೆ ಇಲ್ಲ ಅಂತ ಬಿಲ್ಲಿನಲ್ಲಿ ಈಗ ನೋಡಿದೆ. ಏಳೆಂಟು ವರ್ಷದಿಂದ ಅದಕ್ಕೂ ಕಟ್ಟಿದ್ದೇನೆ. ಇವತ್ತು ರಾತ್ರಿ ಬಿಲ್ಲು ತೆಗೆಯುತ್ತೇನೆ.