ಅಪ್‌ಡೇಟ್: ಪ್ರೊಫೈಲ್‌ನಲ್ಲಿ ಇಳುವರಿಯ ಸಾಲು ಕೊನೆಗೆ ಹೀಗಾಯ್ತು

ನನ್ನ ಪ್ರಶ್ನೆ: "ಕೃಷಿ ಕಂಪನಿಯಲ್ಲಿ ಮ್ಯಾನೇಜರ್ ನಾನು. ರೈತರ ಜೊತೆ ಮಾಡಿದ ಕೆಲಸ, ಹೆಚ್ಚಿದ ಇಳುವರಿ ಇದನ್ನೆಲ್ಲ ಪ್ರೊಫೈಲ್‌ನಲ್ಲಿ ನಂಬುವ ಹಾಗೆ ಹೇಗೆ ಬರೆಯೋದು?"

ಯಾವುದರ ಜೊತೆ ಹೋಲಿಸಿದಿರಿ ಅಂತ ಬರೆಯಿರಿ ಎಂದು ಒಬ್ಬರು ಹೇಳಿದ್ದರಲ್ಲ, ಅದನ್ನೇ ಹಿಡಿದುಕೊಂಡೆ. ಮೆಕ್ಕೆಜೋಳದ ಪ್ರಾತ್ಯಕ್ಷಿಕೆ ತಾಕು, ಪಕ್ಕದಲ್ಲೇ ರೈತರ ರೂಢಿ ಪದ್ಧತಿಯ ತಾಕು, ಎರಡರಲ್ಲೂ 5 ಮೀಟರ್ ಉದ್ದ 5 ಮೀಟರ್ ಅಗಲ ಕೊಯ್ದು ಕಾಳು ತೂಗಿದ ಲೆಕ್ಕ ಫೀಲ್ಡ್ ಡೈರಿಯಲ್ಲಿತ್ತು. ನಮ್ಮದು 15 ಕೆಜಿ, ಪಕ್ಕದ್ದು 12. ನೋಡಿದರೆ ಶೇ 25 ಜಾಸ್ತಿ, ಅಲ್ವಾ? ಆದರೆ ನಮ್ಮ ಕಾಳಿನ ತೇವಾಂಶ ಶೇ 20, ಪಕ್ಕದ್ದು ಶೇ 14. ನೀರನ್ನೂ ಸೇರಿಸಿ ತೂಗಿದ ಹಾಗೆ ಅದು. ನೀರು ಬಿಟ್ಟರೆ ನಮ್ಮದರಲ್ಲಿ ಒಣ ಭಾಗ ಶೇ 80, ಪಕ್ಕದ್ದರಲ್ಲಿ ಶೇ 86; ಹಾಗಾಗಿ 15ನ್ನು 80ರಿಂದ ಗುಣಿಸಿ 86ರಿಂದ ಭಾಗಿಸಿದರೆ ಸುಮಾರು 14 ಕೆಜಿ, ಹೆಚ್ಚಳ ಶೇ 16 ಅಷ್ಟೇ.

ಈಗ ಸಾಲು ಹೀಗಿದೆ: "ಮೆಕ್ಕೆಜೋಳ, ಒಂದೇ ಹಂಗಾಮು, ಪಕ್ಕದ ತಾಕಿಗಿಂತ ಶೇ 16 ಹೆಚ್ಚು, ಶೇ 14 ತೇವಾಂಶದ ಲೆಕ್ಕದಲ್ಲಿ." ಸಭೆಗೆ ಬಂದ ರೈತರ ಸಂಖ್ಯೆ ತೆಗೆದುಬಿಟ್ಟೆ, ಸಭೆಗೆ ಯಾರು ಬೇಕಾದರೂ ಬರ್ತಾರೆ. ಮುಂದಿನ ಹಂಗಾಮಿನಲ್ಲೂ ಅದೇ ಪದ್ಧತಿ ಮುಂದುವರಿಸಿದವರನ್ನಷ್ಟೇ ಹಾಕಿದ್ದೇನೆ. ಖರೀದಿದಾರರ ಜೊತೆ ರೈತರಿಗೆ ಮಾಡಿಸಿದ ಸಂಪರ್ಕದ ಕೆಳಗೆ, ರೈತರು ತಂದ ಲೋಡ್‌ಗಳಲ್ಲಿ ಎಷ್ಟು ಪಾಲು ತೇವಾಂಶಕ್ಕೆ ವಾಪಸ್ ಹೋಗದೆ ಪಾಸಾಯ್ತು ಅನ್ನೋದು.

ಮೊನ್ನೆ ಇಂಟರ್‌ವ್ಯೂನಲ್ಲಿ ಮೊದಲ ಪ್ರಶ್ನೆಯೇ "ಪಕ್ಕದ ತಾಕಿಗೆ ಗೊಬ್ಬರ ಎಷ್ಟು ಹಾಕಿದ್ದರು?" ಡೈರಿ ತೆಗೆದು ತೋರಿಸಿದೆ. ಎರಡನೇ ಸುತ್ತಿಗೆ ಕರೆದಿದ್ದಾರೆ.