ಆಲಿಸುವಿಕೆಯ ಪಾಠ: ತರಗತಿಯಲ್ಲಿ ಎಲ್ಲ ಉತ್ತರವೂ ಸರಿ, ಮಾರುಕಟ್ಟೆಯಲ್ಲಿ ಏನೂ ತಿಳಿಯದು

ರೂಪಾ, ಸರಸ್ವತಿಪುರಂ: ಹೊರರಾಜ್ಯಗಳಿಂದ ಮೈಸೂರಿಗೆ ವರ್ಗವಾಗಿ ಬಂದಿರುವ ಬ್ಯಾಂಕ್ ನೌಕರರಿಗೆ ಸಂಜೆ ಕನ್ನಡ ಕಲಿಸುತ್ತೇನೆ. ಒಂದು ನಿಮಿಷದ ಸಂಭಾಷಣೆಯನ್ನು ಕೇಳಿಸಿ, ಮುನ್ನ, ನಡುವೆ ಮತ್ತು ಬಳಿಕ ಚಟುವಟಿಕೆಗಳನ್ನು ಕೊಡುತ್ತೇನೆ. ತರಗತಿಯಲ್ಲಿ ಐದು ಪ್ರಶ್ನೆಗೆ ನಾಲ್ಕನ್ನು ಎಲ್ಲರೂ ಸರಿಯಾಗಿ ಬರೆಯುತ್ತಾರೆ. ಆದರೆ ದೇವರಾಜ ಮಾರುಕಟ್ಟೆಗೆ ಹೋದರೆ ಒಂದು ಮಾತೂ ಕಿವಿಗೆ ಹತ್ತುವುದಿಲ್ಲ ಎನ್ನುತ್ತಾರೆ. ಎಲ್ಲಿ ತಪ್ಪುತ್ತಿದೆ, ಮೇಡಂ?

ನಾಗರತ್ನ (ಭಾಷಾ ಬೋಧನೆ ತರಬೇತುದಾರರು): ಸಂಭಾಷಣೆಯ ಬರಹರೂಪ, ಐದೂ ಪ್ರಶ್ನೆಗಳು, ಆಲಿಸುವ ಮುನ್ನ ನೀವು ಮಾಡಿಸಿದ ಕೆಲಸ, ಈ ಮೂರನ್ನೂ ಇಲ್ಲಿ ಹಾಕಿ. ಅವನ್ನು ನೋಡದೆ ಹೇಳುವುದೆಲ್ಲ ಊಹೆಯಾಗುತ್ತದೆ.

ಶಿವಣ್ಣ, ಮದ್ದೂರು: ಮೇಡಂ, ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಆಲಿಸುವಿಕೆಗೆ ಅಂಕ ಕೊಡುವ ಮಾದರಿ ಪ್ರಶ್ನೆಪತ್ರಿಕೆ ಇದ್ದರೆ ಕಳುಹಿಸುತ್ತೀರಾ? ಆಡಿಯೋವನ್ನು ಎಷ್ಟು ಸಲ ಕೇಳಿಸಬೇಕು ಎಂಬುದನ್ನೂ ತಿಳಿಸಿ.

ನಾಗರತ್ನ: ಕಲಿಸುವಾಗ ಮೂರು ಸಲ ಸಾಕು, ಪ್ರತಿ ಸಲಕ್ಕೂ ಬೇರೆ ಕೆಲಸವಿರಬೇಕು. ಒಂದೇ ಕೆಲಸಕ್ಕೆ ಮೂರು ಸಲ ಕೇಳಿಸಿದರೆ ಎರಡನೆಯ ಸಲಕ್ಕೇ ಮಕ್ಕಳ ಗಮನ ಕಿಟಕಿಯಾಚೆ ಹೋಗಿರುತ್ತದೆ.

ರೂಪಾ: ಬರಹರೂಪ ಇದು, ಆಡಿದಂತೆಯೇ ಬರೆದಿದ್ದೇನೆ.
“ಬೀನ್ಸ್ ಹೆಂಗೆ ಕೊಡ್ತೀರಣ್ಣ?”
“ಕೇಜಿ ನಲ್ವತ್ತಕ್ಕ. ಎರಡ್ ಕೇಜಿ ತಗಂಡ್ರೆ ಎಪ್ಪತ್ತೈದ್ ಕೊಡಿ, ಸಾಕು.”
“ಅಷ್ಟೊಂದ್ ಯಾರ್ ತಿಂತಾರೆ? ಒಂದ್ ಕೇಜಿ ಹಾಕಿ. ಕೊತ್ತಂಬರಿ ಇಲ್ವ?”
“ಬೆಳಗ್ಗೇನೇ ಮುಗ್ದೋಯ್ತು. ಐವತ್ ಕೊಟ್ರಾ? ಚಿಲ್ರೆ ಇದ್ರೆ ನೋಡಿ.”
ಮುನ್ನ: ಮಾರುಕಟ್ಟೆಯ ಚಿತ್ರ ತೋರಿಸಿ, ತರಕಾರಿ ಅಂಗಡಿಯ ಸಂಭಾಷಣೆ ಎಂದು ತಿಳಿಸಿ, ಹದಿನೈದು ಪದಗಳ ಅರ್ಥ ಬರೆಸಿದೆ. ಪ್ರಶ್ನೆಗಳು: ಮಾತುಕತೆ ಎಲ್ಲಿ ನಡೆಯುತ್ತಿದೆ? ಯಾರ ನಡುವೆ? ಯಾವ ತರಕಾರಿಯ ಬಗ್ಗೆ? ಗ್ರಾಹಕರು ಎಷ್ಟು ರೂಪಾಯಿಗೆ ಕೊಂಡರು? ಕೊತ್ತಂಬರಿ ಏಕೆ ಸಿಗಲಿಲ್ಲ? ನಾಲ್ಕನೆಯದಕ್ಕೆ ಮಾತ್ರ ತಪ್ಪು ಉತ್ತರಗಳು ಬಂದವು. ಕೆಲವರು 75 ಎಂದರು, ಕೆಲವರು 50 ಎಂದರು.

ಲೋಕೇಶ್, ವಿಜಯನಗರ: ಎಲ್ಲರ ಗಮನಕ್ಕೆ. ಮಲಗುವ ಮುನ್ನ ಅರ್ಧ ಗಂಟೆ ಕಣ್ಣು ಮುಚ್ಚಿ ರೇಡಿಯೊ ವಾರ್ತೆ ಕೇಳಿದರೆ ಇಪ್ಪತ್ತೊಂದು ದಿನಗಳಲ್ಲಿ ಯಾವುದೇ ಭಾಷೆ ತಾನಾಗಿಯೇ ಅರ್ಥವಾಗುತ್ತದೆ. ನಿದ್ದೆಯಲ್ಲಿಯೂ ಮಿದುಳು ಕಲಿಯುತ್ತದೆ. ನಿಮ್ಮ ಗುಂಪುಗಳಿಗೂ ಕಳುಹಿಸಿ.

ನಾಗರತ್ನ: ಲೋಕೇಶ್ ಅವರೇ, ಇಂತಹ ಸಂದೇಶಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿ. ಅರ್ಥವಾಗದ ಮಾತನ್ನು ಅರ್ಧ ಗಂಟೆ ಕೇಳಿದವರು ಅದನ್ನು ಕಿವಿಗೆ ಹಾಕಿಕೊಳ್ಳದಿರುವುದನ್ನೇ ಅಭ್ಯಾಸ ಮಾಡಿಕೊಳ್ಳುತ್ತಾರೆ. ಅಲ್ಲದೆ ವಾರ್ತೆಯೆಂಬುದು ಬರೆದದ್ದನ್ನು ಓದುವುದು. ಅದರಲ್ಲಿ “ತೆಗೆದುಕೊಂಡರೆ” ಎಂದು ಪೂರ್ತಿಯಾಗಿ ಕೇಳಿಸುತ್ತದೆ, ಮಾರುಕಟ್ಟೆಯಲ್ಲಿ ಹಾಗೆ ಕೇಳಿಸುವುದಿಲ್ಲ.

ಇನ್ನು ರೂಪಾ ಅವರಿಗೆ. ನಿಮ್ಮ ಪ್ರಶ್ನೆಗಳಲ್ಲಿ ಕಿವಿ ಬೇಕಾಗಿರುವುದು ಒಂದಕ್ಕೆ ಮಾತ್ರ, ನಾಲ್ಕನೆಯದಕ್ಕೆ. ಎಲ್ಲಿ, ಯಾರ ನಡುವೆ ಎಂಬುದನ್ನು ನೀವೇ ಮೊದಲು ಹೇಳಿಬಿಟ್ಟಿದ್ದೀರಿ. ಯಾವ ತರಕಾರಿ ಎಂಬುದು ಬರೆಸಿದ ಪದಗಳ ಪಟ್ಟಿಯಲ್ಲಿಯೇ ಇದ್ದಿರಬೇಕು. ಅಂಗಡಿಯಲ್ಲಿ ಒಂದು ವಸ್ತು ಸಿಗದಿದ್ದರೆ ಮುಗಿದಿದೆ ಎಂಬುದನ್ನು ಯಾರು ಬೇಕಾದರೂ ಊಹಿಸುತ್ತಾರೆ. ಈ ನಾಲ್ಕು ಸರಿ ಉತ್ತರಗಳಿಂದ ಅವರಿಗೆ ಕೇಳಿಸಿತೋ ಇಲ್ಲವೋ ಎಂಬುದು ನಿಮಗೆ ತಿಳಿಯಲೇ ಇಲ್ಲ. ಪರೀಕ್ಷಿಸುವ ದಾರಿ ಸುಲಭ: ಮುನ್ನ ಚಟುವಟಿಕೆಯನ್ನು ಮುಗಿಸಿ, ಧ್ವನಿಯನ್ನು ಕೇಳಿಸದೆಯೇ ಬೇರೊಂದು ತಂಡಕ್ಕೆ ಪ್ರಶ್ನೆಗಳನ್ನು ಕೊಡಿ. ಕೇಳದೆಯೇ ಬರೆಯಬಹುದಾದ ಪ್ರಶ್ನೆಯನ್ನು ಹೊಡೆದುಹಾಕಿ.

ನನಗೆ ಕುತೂಹಲ ಹುಟ್ಟಿಸಿದ್ದು ಆ ಎರಡು ತಪ್ಪು ಉತ್ತರಗಳು. 75 ಎಂದವರಿಗೆ ಸಂಖ್ಯೆ ಚೆನ್ನಾಗಿಯೇ ಕೇಳಿಸಿದೆ. ಆದರೆ “ತಗಂಡ್ರೆ” ಎಂಬಲ್ಲಿನ “ರೆ” ಕೇಳಿಸಿಲ್ಲ, ಆದ್ದರಿಂದ ಅಂಗಡಿಯವರು ಮುಂದಿಟ್ಟ ಷರತ್ತು ಅವರಿಗೆ ನಡೆದುಹೋದ ವ್ಯಾಪಾರವಾಗಿ ತೋರಿದೆ. “ಅಷ್ಟೊಂದ್ ಯಾರ್ ತಿಂತಾರೆ” ಎಂಬುದು ಪ್ರಶ್ನೆಯಲ್ಲ, ಬೇಡವೆನ್ನುವ ಬಗೆ ಎಂಬುದೂ ಹೊಳೆದಿಲ್ಲ. 50 ಎಂದವರ ತೊಡಕು ಬೇರೆ. ಅವರು ಕೊನೆಯಲ್ಲಿ ಬಂದ ಸಂಖ್ಯೆಯನ್ನು ಹಿಡಿದುಕೊಂಡಿದ್ದಾರೆ. ಕೊಟ್ಟ ನೋಟು ಮತ್ತು ತರಕಾರಿಯ ಬೆಲೆ ಎರಡೂ ಒಂದೇ ಎಂದುಕೊಂಡಿದ್ದಾರೆ. ಇಬ್ಬರಿಗೂ “ತಪ್ಪು, 40 ಸರಿ” ಎಂದು ಹೇಳಿ ಮುಂದಕ್ಕೆ ಹೋದರೆ ಇಬ್ಬರೂ ಏನನ್ನೂ ಕಲಿಯುವುದಿಲ್ಲ. ಉತ್ತರ ತಿದ್ದುವುದು ಆಲಿಸುವಿಕೆಯನ್ನು ಕಲಿಸಿದಂತಲ್ಲ, ತಪ್ಪು ಉತ್ತರ ಎಲ್ಲಿ ಹುಟ್ಟಿತೆಂದು ಹುಡುಕಬೇಕು ಎಂದು ಇಂಗ್ಲಿಷ್ ಬೋಧನೆಯ ವಿದ್ವಾಂಸ ಜಾನ್ ಫೀಲ್ಡ್ 1998ರಲ್ಲಿಯೇ ವಾದಿಸಿದ್ದರು. ನಮ್ಮ ತರಗತಿಗಳಲ್ಲಿ ಈಗಲೂ ತಿದ್ದುವುದೇ ನಡೆದಿದೆ.

ಶ್ರೀಕಂಠಯ್ಯ, ಅಗ್ರಹಾರ: ಮೂಲದಲ್ಲಿಯೇ ದೋಷವಿದೆ. “ತಗಂಡ್ರೆ”, “ಮುಗ್ದೋಯ್ತು” ಎಂಬಂತಹ ಮಾತುಗಳನ್ನು ಪಾಠವಾಗಿ ಇಡುವುದೇ ತಪ್ಪು. ಮೊದಲು ಶುದ್ಧ ಕನ್ನಡ ಕಲಿಯಲಿ. 1935ರಲ್ಲಿ ಗೋಪಾಲಸ್ವಾಮಿಯವರು ಬಾನುಲಿಯನ್ನು ಆರಂಭಿಸಿದ ಊರು ಇದು. ಸ್ಪಷ್ಟವಾದ ಉಚ್ಚಾರಣೆಗೆ ಇಲ್ಲೊಂದು ಪರಂಪರೆಯಿದೆ.

ಗಿರೀಶ, ಪಾಂಡವಪುರ: ನಮ್ಮ ಮನೆಯಲ್ಲಿ ಆಡುವ ಮಾತು ಅಶುದ್ಧ ಎಂದು ಯಾರು ನಿರ್ಧರಿಸಿದರು, ಸ್ವಾಮಿ? ಆ ಬ್ಯಾಂಕಿನವರು ನಾಳೆ ಮಂಡ್ಯದ ಶಾಖೆಗೆ ಬಂದರೆ ಸಾಲ ಕೇಳಲು ಬರುವ ರೈತರು “ತೆಗೆದುಕೊಂಡರೆ” ಎಂದು ಮಾತನಾಡುತ್ತಾರೆಯೇ?

ಶ್ರೀಕಂಠಯ್ಯ: ವ್ಯಕ್ತಿಗತವಾಗಿ ತೆಗೆದುಕೊಳ್ಳಬೇಡಿ. ಬುನಾದಿಯಿಲ್ಲದೆ ಮಾಳಿಗೆ ಕಟ್ಟಲಾಗದು ಎಂದಷ್ಟೇ ನಾನು ಹೇಳಿದ್ದು.

ನಾಗರತ್ನ: ಆಡಲು ಕಲಿಸುವುದು ಬೇರೆ, ಕೇಳಲು ಕಲಿಸುವುದು ಬೇರೆ. ಅವರು “ತೆಗೆದುಕೊಂಡರೆ” ಎಂದೇ ಮಾತನಾಡಲಿ, ಯಾರೂ ತಡೆಯುವುದಿಲ್ಲ. ಆದರೆ ಎದುರಿನವರು ಹೇಗೆ ಮಾತನಾಡಬೇಕೆಂದು ಅವರು ನಿರ್ಧರಿಸಲಾಗದು. ಶ್ರೀಕಂಠಯ್ಯನವರ ಮಾತಿನಲ್ಲಿ ಒಂದಂಶ ನಿಜ: ಪೂರ್ಣರೂಪವನ್ನೇ ಅರಿಯದವರಿಗೆ “ತಗಂಡ್ರೆ” ಬರಿಯ ಸದ್ದು. ರೂಪಾ ಅವರ ವಿದ್ಯಾರ್ಥಿಗಳು ಪೂರ್ಣರೂಪವನ್ನು ಬಲ್ಲವರು, ಅದನ್ನು ಓಡುವ ಮಾತಿನಲ್ಲಿ ಗುರುತಿಸಲಾರದವರು.

ಫಾತಿಮಾ, ಮಂಡ್ಯ: ನಾನು ಆಡಿಯೋದ ವೇಗವನ್ನು ತಗ್ಗಿಸಿ ಕೇಳಿಸುತ್ತೇನೆ, ಆಗ ಎಲ್ಲರಿಗೂ ಅರ್ಥವಾಗುತ್ತದೆ. ರೂಪಾ ಅವರೂ ಹಾಗೆಯೇ ಮಾಡಬಹುದಲ್ಲವೇ?

ನಾಗರತ್ನ: ಅರ್ಧ ಸರಿ. ವೇಗ ತಗ್ಗಿಸಿದರೂ “ತಗಂಡ್ರೆ” ಎಂಬುದು “ತೆಗೆದುಕೊಂಡರೆ” ಆಗುವುದಿಲ್ಲ, ಎಳೆದ “ತಗಂಡ್ರೆ” ಆಗುತ್ತದೆ, ಅಷ್ಟೇ. ಅದಕ್ಕಿಂತ ವಾಕ್ಯಗಳ ನಡುವಿನ ಬಿಡುವನ್ನು ಹಿಗ್ಗಿಸಿ. ಧ್ವನಿ ಸಹಜ ವೇಗದಲ್ಲಿಯೇ ಇರುತ್ತದೆ, ಯೋಚಿಸಲು ಸಮಯ ಸಿಗುತ್ತದೆ.

ರೂಪಾ: ನೀವು ಹೇಳಿದಂತೆ ಬೇರೊಂದು ತಂಡಕ್ಕೆ ಧ್ವನಿ ಕೇಳಿಸದೆ ಪ್ರಶ್ನೆಗಳನ್ನು ಕೊಟ್ಟೆ. ನಾಲ್ಕನೆಯದನ್ನು ಬಿಟ್ಟು ಉಳಿದವನ್ನು ಬಹುತೇಕ ಎಲ್ಲರೂ ಸರಿಯಾಗಿ ಬರೆದರು. ಹಾಗಾದರೆ ಪಾಠವನ್ನು ಹೇಗೆ ಕಟ್ಟಬೇಕು?

ನಾಗರತ್ನ: ಮುನ್ನ ಚಟುವಟಿಕೆ ಮೂರು ನಾಲ್ಕು ನಿಮಿಷ ಮೀರದಿರಲಿ. ತರಕಾರಿ ಅಂಗಡಿ ಎಂದು ಹೇಳಿ, ಅದರಲ್ಲಿ ತಪ್ಪಿಲ್ಲ, ಮಾರುಕಟ್ಟೆಗೆ ಹೋದವರಿಗೆ ತಾವು ಎಲ್ಲಿದ್ದೇವೆಂಬುದು ಗೊತ್ತೇ ಇರುತ್ತದೆ. ಹದಿನೈದು ಪದಗಳ ಬದಲು “ಚಿಲ್ಲರೆ” ಎಂಬ ಒಂದನ್ನು ತಿಳಿಸಿದರೆ ಸಾಕು. ಅಲ್ಲಿ ಬೆಲೆಯ ಬಗ್ಗೆ ಏನೇನು ಮಾತು ಬರಬಹುದೆಂದು ಅವರೇ ಊಹಿಸಲಿ.

ಮೊದಲ ಸಲ ಕೇಳಿಸುವಾಗ ಪೆನ್ನು ಕೆಳಗಿರಲಿ. ಪ್ರಶ್ನೆ ಒಂದೇ, ಅದನ್ನು ಕೇಳಿಸುವ ಮೊದಲೇ ಕೊಡಿ: ಅಂಗಡಿಯವರು ಹೇಳಿದ ಹೆಚ್ಚಿನ ತೂಕಕ್ಕೆ ಗ್ರಾಹಕರು ಒಪ್ಪಿದರೇ, ಇಲ್ಲವೇ? ಇದನ್ನು ಊಹಿಸಲಾಗದು. ಎರಡನೆಯ ಸಲ 40, 75, 50 ಎಂಬ ಮೂರು ಸಂಖ್ಯೆಗಳನ್ನು ಹಾಳೆಯಲ್ಲಿ ಕೊಟ್ಟು, ಯಾವುದು ಒಂದು ಕೇಜಿಯ ಬೆಲೆ, ಯಾವುದು ಎರಡು ಕೇಜಿಯದು, ಯಾವುದು ಕೊಟ್ಟ ನೋಟು ಎಂದು ಗೆರೆಯೆಳೆದು ಹೊಂದಿಸಲು ಹೇಳಿ. ವಾಕ್ಯ ಬರೆಯಲು ಹೇಳಬೇಡಿ. ಬರೆಯುವ ಕೈ ಕಿವಿಯನ್ನು ಮುಚ್ಚುತ್ತದೆ, ಮುಂದಿನ ಮಾತು ಅಷ್ಟರಲ್ಲಿ ದಾಟಿಹೋಗಿರುತ್ತದೆ. ಉತ್ತರವನ್ನು ಕೂಡಲೇ ಹೇಳದೆ ಇಬ್ಬಿಬ್ಬರು ಹೋಲಿಸಿ ನೋಡಲಿ. ಭಿನ್ನಾಭಿಪ್ರಾಯ ಬಂದ ಜಾಗವೇ ನಿಮ್ಮ ಮೂರನೆಯ ಸಲದ ಪಾಠ.

ಮೂರನೆಯ ಸಲ ಪೂರ್ತಿ ಕೇಳಿಸಬೇಕಿಲ್ಲ. “ಎರಡ್ ಕೇಜಿ ತಗಂಡ್ರೆ ಎಪ್ಪತ್ತೈದ್ ಕೊಡಿ” ಎಂಬ ತುಣುಕನ್ನಷ್ಟೇ ಮತ್ತೆ ಮತ್ತೆ ಹಾಕಿ, ಕೇಳಿಸಿದ್ದನ್ನು ಕೇಳಿಸಿದಂತೆಯೇ ಬರೆಯಲು ಹೇಳಿ. ಕೆಲವರು “ತಗೊಂಡ್ರು” ಎಂದು ಬರೆಯುತ್ತಾರೆ, ಆಗ ರೋಗ ಸಿಕ್ಕಿತು ಎಂದುಕೊಳ್ಳಿ. ಬಳಿಕವೇ ಬರಹರೂಪ ತೋರಿಸಿ. ಅನಂತರ “ಬಂದ್ರೆ, ಬಂದ್ರು, ಬಂದ್ರಾ” ಮತ್ತು “ಕೊಟ್ರೆ, ಕೊಟ್ರು, ಕೊಟ್ರಾ” ಎಂಬಂತಹ ಮೂವತ್ತರಷ್ಟು ಚಿಕ್ಕ ವಾಕ್ಯಗಳನ್ನು ಬೇರೆ ಬೇರೆಯವರ ದನಿಯಲ್ಲಿ ಫೋನಿನಲ್ಲಿ ಮುದ್ರಿಸಿಕೊಂಡು ಕೇಳಿಸಿ. ಷರತ್ತೋ, ನಡೆದದ್ದೋ, ಪ್ರಶ್ನೆಯೋ ಎಂದು ಬೆರಳೆತ್ತಿ ತೋರಿಸಿದರೆ ಸಾಕು. ಕೊನೆಯ ಒಂದು ಸ್ವರವೇ ಮಾತಿನ ದಿಕ್ಕನ್ನು ಬದಲಿಸುತ್ತದೆ ಎಂಬುದನ್ನು ಅವರು ಹಿಡಿದರೋ ಇಲ್ಲವೋ ಹಾಗೆ ಗೊತ್ತಾಗುತ್ತದೆ.

ಬಳಿಕದ ಚಟುವಟಿಕೆಗೆ, ಗ್ರಾಹಕರಿಗೆ ಎಷ್ಟು ಚಿಲ್ಲರೆ ಮರಳಬೇಕೆಂದು ಕೇಳಿ. 10 ಎಂದವರು ಬೆಲೆ ಮತ್ತು ನೋಟು ಎರಡನ್ನೂ ಹಿಡಿದಿದ್ದಾರೆ. ಆಮೇಲೆ ಸಹೋದ್ಯೋಗಿಗೆ ಫೋನಿನಲ್ಲಿ ಅಂದಿನ ದರವನ್ನೂ, ಎರಡು ಕೇಜಿಗಿದ್ದ ರಿಯಾಯಿತಿಯನ್ನೂ ತಿಳಿಸಲಿ. ಇಷ್ಟು ಮಾಡಿದರೆ ಗದ್ದಲದ ಮಾರುಕಟ್ಟೆಯಲ್ಲಿ ಎಲ್ಲವೂ ಕೇಳಿಸುತ್ತದೆ ಎಂದು ನಾನು ಭರವಸೆ ಕೊಡುವುದಿಲ್ಲ. ಗದ್ದಲ ಬೇರೆಯದೇ ತೊಡಕು.

ಲೋಕೇಶ್: ಮಾವಿನ ಎಲೆಯ ಕಷಾಯದಿಂದ ಕಿವಿ ಚುರುಕಾಗುತ್ತದೆ ಎಂಬ ಸಂದೇಶವೂ ಬಂದಿದೆ. ಹಾಕಲೇ?

ನಾಗರತ್ನ: ಬೇಡ. ಕಿವಿಯ ತೊಂದರೆಯಿದ್ದರೆ ವೈದ್ಯರ ಬಳಿಗೆ ಹೋಗಬೇಕು, ಕಷಾಯ ಕುಡಿದು ಕುಳಿತುಕೊಳ್ಳಬಾರದು. ಇನ್ನೊಮ್ಮೆ ಹಾಕಿದರೆ ಅಡ್ಮಿನ್ ಅವರಿಗೆ ತಿಳಿಸುತ್ತೇನೆ.

ಶ್ರೀಕಂಠಯ್ಯ: ಒಂದು ಬೀನ್ಸಿನ ಸಂಭಾಷಣೆಗೆ ಇಷ್ಟು ಕಸರತ್ತೇ? ನಾವು ಗದ್ಯವನ್ನು ಗಟ್ಟಿಯಾಗಿ ಓದುತ್ತಿದ್ದೆವು, ಮಕ್ಕಳು ಕೇಳುತ್ತಿದ್ದರು.

ಗಿರೀಶ: ಅವರ ಕೈಯಲ್ಲಿಯೂ ಪುಸ್ತಕವಿತ್ತಲ್ಲ, ಕೇಳುತ್ತಿದ್ದರೋ ಓದಿಕೊಳ್ಳುತ್ತಿದ್ದರೋ ನಿಮಗೆ ಹೇಗೆ ಗೊತ್ತು?

ಶ್ರೀಕಂಠಯ್ಯ: ನಿಮ್ಮಂತಹ ಶಿಷ್ಯರು ನನಗಿರಲಿಲ್ಲ, ಅದೇ ಪುಣ್ಯ.

ಫಾತಿಮಾ: ಇಬ್ಬರೂ ಖಾಸಗಿಯಾಗಿ ಜಗಳವಾಡಿ. ಮೇಡಂ, ಆ ಮೂವತ್ತು ವಾಕ್ಯಗಳನ್ನು ನಾನೊಬ್ಬಳೇ ಓದಿ ಮುದ್ರಿಸಿದರೆ ಆಗದೇ?

ನಾಗರತ್ನ: ಆಗದು. ಶಿಕ್ಷಕರ ದನಿಗೆ ಅವರ ಕಿವಿ ಒಗ್ಗಿರುತ್ತದೆ, ಹಾಗೂ ನಾವು ತರಗತಿಯಲ್ಲಿ ನಮಗರಿವಿಲ್ಲದೆಯೇ ಬಿಡಿಸಿ ಬಿಡಿಸಿ ಮಾತನಾಡುತ್ತೇವೆ. ಕನಿಷ್ಠ ಮೂವರ ದನಿಯಿರಲಿ, ಅದರಲ್ಲಿ ಒಬ್ಬರಾದರೂ ಶಿಕ್ಷಕರಲ್ಲದವರಾಗಿರಲಿ. ಕಾಗದ ನೋಡಿ ಓದಿಸಬೇಡಿ, ಸಂದರ್ಭ ಹೇಳಿ ಆಡಿಸಿ.

ಗಿರೀಶ: ಮಂಡ್ಯದ ದನಿಯೊಂದು ಬೇಕಿದ್ದರೆ ನಾನಿದ್ದೇನೆ, ಅಶುದ್ಧವೆಂದು ಯಾರಿಗೂ ಬೇಸರವಾಗದಿದ್ದರೆ.

ಶಿವಣ್ಣ: ಮೇಡಂ, ಮಾದರಿ ಪ್ರಶ್ನೆಪತ್ರಿಕೆಯ ವಿಷಯಕ್ಕೆ ಉತ್ತರ ಬರಲಿಲ್ಲ. ಆಡಿಯೋವನ್ನು ಎಷ್ಟು ಸಲ ಕೇಳಿಸಬೇಕು ಎಂಬುದನ್ನೂ ಒಮ್ಮೆ ಹೇಳಿಬಿಡಿ.

ನಾಗರತ್ನ: ಮೂರು. ಮೇಲೆಯೇ ಬರೆದಿದ್ದೇನೆ, ಓದಿಕೊಳ್ಳಿ.

ರೂಪಾ: ಗಿರೀಶ ಅವರೇ, ನಿಮಗೆ ನೇರವಾಗಿ ಸಂದೇಶ ಕಳುಹಿಸಿದ್ದೇನೆ. “ಸಿಕ್ಕಿದ್ರೆ” ಎನ್ನುತ್ತೀರೋ “ಸಿಕ್ರೆ” ಎನ್ನುತ್ತೀರೋ, ಮನೆಯಲ್ಲಿ ಆಡುವಂತೆಯೇ ಮುದ್ರಿಸಿ ಕಳುಹಿಸಿ.